ಕಣ್ಣು ಮುದಿ, ಮೈ ಎಳಸು: ಮಾರುಕಟ್ಟೆ ಮೀನಿನಲ್ಲಿ ಫಾರ್ಮಲಿನ್ ಮತ್ತು ಐಸ್ ಮೋಸ ಪತ್ತೆ ಮಾಡುವ ಬಗೆ

ಕೆಲವು ವರ್ಷಗಳ ಹಿಂದೆ, ಜೂನ್ ಮೊದಲ ವಾರದ ಒಂದು ಭಾನುವಾರ, ಬೆಂಗಳೂರಿನ ಅಂಗಡಿಯೊಂದರಿಂದ ಅಂಜಲ್ ತುಂಡು ತಂದಿದ್ದೆ. ನೋಡಲು ಚೆನ್ನಾಗಿತ್ತು. ವಾಸನೆ ಇರಲಿಲ್ಲ. ಮಸಾಲೆ ಹಚ್ಚಿ ಕಾವಲಿ ಮೇಲೆ ಹಾಕಿದಾಗ ಮಾತ್ರ ಏನೋ ಸರಿ ಇಲ್ಲ ಅನ್ನಿಸಿತು. ಅಂಜಲ್ ಬೆಂದರೆ ಪದರ ಪದರವಾಗಿ ಬಿಡಬೇಕು. ಇದು ಬಿಡಲಿಲ್ಲ. ಹಲ್ಲಿಗೆ ರಬ್ಬರಿನ ಹಾಗೆ ಸಿಕ್ಕಿತು. ನಾನು ಕರಾವಳಿಯವನು, ಮೀನು ತಿಂದೇ ಬೆಳೆದವನು. ಆದರೂ ಮೋಸ ಹೋಗಿದ್ದೆ. ಯಾಕೆ ಹೋದೆ ಅಂತ ಆಮೇಲೆ ಯೋಚಿಸಿದಾಗ ಎರಡು ತಪ್ಪು ಕಂಡವು. ಒಂದು, ಆ ವಾರ ದೇಶದ ಯಾವ ಬಂದರಿನಿಂದ ಮೀನು ಬರಬಹುದು ಅಂತ ಲೆಕ್ಕ ಹಾಕಿರಲಿಲ್ಲ. ಇನ್ನೊಂದು, ವಾಸನೆ ಇಲ್ಲ ಎನ್ನುವುದನ್ನೇ ತಾಜಾತನ ಅಂದುಕೊಂಡಿದ್ದೆ.

ಅವತ್ತಿನಿಂದ ರೂಢಿ ಮಾಡಿಕೊಂಡಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂತಹ, ಸಮುದ್ರದಿಂದ ದೂರದ ಊರಿನಲ್ಲಿ ಮೀನು ಕೊಳ್ಳುವವರಿಗೆ ಇದು ಹೆಚ್ಚು ಉಪಯೋಗ.

ಮೊದಲು, ಫಾರ್ಮಲಿನ್ ಯಾಕೆ ಹಾಕುತ್ತಾರೆ

ಫಾರ್ಮಲಿನ್ ಅಂದರೆ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ಕರಗಿಸಿದ ದ್ರಾವಣ. ಅಂಗಡಿಯಲ್ಲಿ ಸಿಗುವ ಗಟ್ಟಿ ಫಾರ್ಮಲಿನ್‌ನಲ್ಲಿ ಅದು ಶೇಕಡ 37ರಿಂದ 40ರಷ್ಟು ಇರುತ್ತದೆ. ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೆಡದಂತೆ ಇಡುವುದು ಇದರಿಂದಲೇ. ಇದು ಮಾಂಸದ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಬಿಗಿ ಮಾಡುತ್ತದೆ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಹಾಗಾಗಿ ಮೀನು ಮೆತ್ತಗಾಗುವುದಿಲ್ಲ, ನಾರುವುದೂ ಇಲ್ಲ. ನಮ್ಮ ದೇಶದಲ್ಲಿ ಮೀನಿಗೆ ಇದನ್ನು ಹಾಕುವುದು ಕಾನೂನುಬಾಹಿರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಆ ತೀರ್ಮಾನಕ್ಕೆ ಮುಖ್ಯ ಆಧಾರ ಇದನ್ನು ವರ್ಷಗಟ್ಟಲೆ ಉಸಿರಾಡಿದ ಕಾರ್ಮಿಕರ ವಿಷಯ. ಹೊಟ್ಟೆಗೆ ಹೋದರೆ ಬಾಯಿ, ಗಂಟಲು, ಜಠರದ ಒಳಪದರಕ್ಕೆ ಉರಿ, ಹಾನಿ ಮಾಡುತ್ತದೆ.

ಇನ್ನು ಹಾಕುವ ಕಾರಣ. ಮೀನನ್ನು ಸರಿಯಾಗಿ ಇಡಬೇಕಾದರೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು. ಅಂದರೆ ಹತ್ತು ಟನ್ ಹೊರುವ ಲಾರಿಯಲ್ಲಿ ಐದು ಟನ್ ಐಸೇ ಇರಬೇಕು. ದಾರಿಯಲ್ಲಿ ಐಸ್ ಕರಗಿದರೆ ಮತ್ತೆ ತುಂಬಬೇಕು. ಐಸಿಗೆ ದುಡ್ಡು, ಜಾಗಕ್ಕೆ ದುಡ್ಡು. ಐಸ್ ಅರ್ಧ ಮಾಡಿ ಸ್ವಲ್ಪ ರಾಸಾಯನಿಕ ಚಿಮುಕಿಸಿದರೆ ಅದೇ ಲಾರಿಯಲ್ಲಿ ಮೀನು ಜಾಸ್ತಿ ಹೋಗುತ್ತದೆ. ಮೋಸದ ಆಸೆ ಹುಟ್ಟುವುದು ಇಲ್ಲಿ. ಆದ್ದರಿಂದ ಅಂಗಡಿಯಲ್ಲಿ ಐಸ್ ಧಾರಾಳವಾಗಿ ಕಂಡರೆ ನಾನು ಹೆದರುವುದಿಲ್ಲ, ಸಮಾಧಾನವೇ ಆಗುತ್ತದೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ಐಸೇ ಇಲ್ಲದ ಹಲಗೆಯ ಮೇಲೆ ಮೀನು ಗಟ್ಟಿಯಾಗಿ, ವಾಸನೆ ಇಲ್ಲದೆ ಮಲಗಿದ್ದರೆ ಆಗ ಅನುಮಾನ ಬರಬೇಕು.

2018ರ ಜೂನ್‌ನಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ‘ಆಪರೇಷನ್ ಸಾಗರ್ ರಾಣಿ’ ಹೆಸರಿನಲ್ಲಿ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಲಾರಿ ತಡೆದು ಫಾರ್ಮಲಿನ್ ಬೆರೆತ ಸಾವಿರಾರು ಕಿಲೋ ಮೀನು ಹಿಡಿಯಿತು. ಮರು ತಿಂಗಳೇ ಗೋವಾದಲ್ಲಿ ಮಡಗಾಂವ್ ಸಗಟು ಮಾರುಕಟ್ಟೆಯ ತಪಾಸಣೆಯ ನಂತರ ಗಲಾಟೆಯಾಗಿ, ಹೊರ ರಾಜ್ಯದ ಮೀನನ್ನೇ ಸ್ವಲ್ಪ ಕಾಲ ತಡೆದರು. ಎರಡೂ ನಡೆದದ್ದು ಜೂನ್, ಜುಲೈನಲ್ಲಿ. ಇದು ಆಕಸ್ಮಿಕ ಅಲ್ಲ.

ಹೆಜ್ಜೆ 1: ಅಂಗಡಿಗೆ ಹೋಗುವ ಮೊದಲು ಕ್ಯಾಲೆಂಡರ್ ನೋಡಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಂಗಳೂರಿನ ದಕ್ಕೆಯಲ್ಲೂ ಮಲ್ಪೆಯಲ್ಲೂ ದೊಡ್ಡ ಬೋಟುಗಳು ಲಂಗರು ಹಾಕಿರುತ್ತವೆ. ಪೂರ್ವ ಕರಾವಳಿಯಲ್ಲಿ, ಅಂದರೆ ತಮಿಳುನಾಡು, ಆಂಧ್ರ, ಒಡಿಶಾ ಕಡೆ, ಇದೇ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ.

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಜೂನ್ 1ರಿಂದ 14ರವರೆಗೆ ಎರಡೂ ಕಡಲುಗಳಲ್ಲಿ ಬೋಟು ಬಂದ್. ಆ ಎರಡು ವಾರ ಬೆಂಗಳೂರಿನಲ್ಲಿ ‘ನಿನ್ನೆ ಹಿಡಿದ ಅಂಜಲ್’ ಅಂತ ರಾಶಿ ಹಾಕಿಕೊಂಡು ಮಾರುತ್ತಿದ್ದರೆ, ಅಷ್ಟೊಂದು ಮೀನು ಬಂದದ್ದಾದರೂ ಎಲ್ಲಿಂದ? ನಾಡದೋಣಿಯವರು ದಡದ ಹತ್ತಿರ ಹಿಡಿಯುವುದು ಸ್ವಲ್ಪ, ಅದು ಊರಿನಲ್ಲೇ ಖರ್ಚಾಗುತ್ತದೆ. ಉಳಿದದ್ದು ಕೋಲ್ಡ್ ಸ್ಟೋರೇಜಿನದು ಅಥವಾ ಹೊರದೇಶದಿಂದ ಬಂದದ್ದು. ಫ್ರೀಜ್ ಮಾಡಿದ ಮೀನು ಕೆಟ್ಟದ್ದೇನಲ್ಲ. ಅದನ್ನು ತಾಜಾ ಅಂತ ಹೇಳುವುದು ಮೋಸ. ಜೂನ್ 15ರ ನಂತರ ಪೂರ್ವದ ಮೀನು ಬರತೊಡಗುತ್ತದೆ. ಆದರೆ ವಿಶಾಖಪಟ್ಟಣದಿಂದ ಬೆಂಗಳೂರಿಗೆ ಸುಮಾರು ಸಾವಿರ ಕಿಲೋಮೀಟರ್. ಮಂಗಳೂರಿನಿಂದಾದರೆ ಮುನ್ನೂರೈವತ್ತು.

ನಾನಂತೂ ಈ ಎರಡು ತಿಂಗಳು ಕಡಲ ಮೀನಿನ ಆಸೆ ಕಡಿಮೆ ಮಾಡಿಕೊಂಡು ಹತ್ತಿರದ ಕೆರೆ, ಜಲಾಶಯದ ಕಾಟ್ಲಾ, ರೋಹು ತರುತ್ತೇನೆ. ಕೆಲವು ಕಡೆ ತೊಟ್ಟಿಯಲ್ಲಿ ಜೀವಂತ ಮೀನೇ ಸಿಗುತ್ತದೆ. ಜೀವ ಇರುವ ಮೀನಿಗೆ ಫಾರ್ಮಲಿನ್ ಹಾಕಿ ಯಾರಿಗೂ ಲಾಭವಿಲ್ಲ. ಒಣಮೀನಿಗೂ ಇದೇ ಕಾಲ, ಅಲ್ವಾ?

ಹೆಜ್ಜೆ 2: ಇಡೀ ಮೀನು ಕೇಳಿ, ತಾಳೆ ನೋಡಿ

ತುಂಡು ಮೀನು ಕೊಂಡರೆ ಅರ್ಧ ಸಾಕ್ಷಿ ಕೈಬಿಟ್ಟಂತೆ. ಕಣ್ಣು, ಕಿವಿರು, ಹೊಟ್ಟೆ ಮೂರೂ ಹೋಗಿರುತ್ತವೆ. ಅಂಜಲ್‌ನಂತಹ ದೊಡ್ಡ ಮೀನು ಇಡೀ ಬೇಡದಿದ್ದರೆ, ‘ಅಣ್ಣಾ, ಇದೇ ಮೀನಿನ ತಲೆ ತೋರಿಸಿ’ ಅಂತ ಕೇಳಿ. ಇಲ್ಲ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಇನ್ನು ಪರೀಕ್ಷೆ. ‘ಕಣ್ಣು ಬಿಳಿಯಾಗಿದ್ದರೆ ಫಾರ್ಮಲಿನ್’, ‘ನೊಣ ಕೂರದಿದ್ದರೆ ಫಾರ್ಮಲಿನ್’, ‘ಗಟ್ಟಿ ಇದ್ದರೆ ಫಾರ್ಮಲಿನ್’ ಎನ್ನುವ ಮಾತುಗಳು ವಾಟ್ಸಾಪಿನಲ್ಲಿ ಓಡಾಡುತ್ತಲೇ ಇರುತ್ತವೆ. ಬಿಡಿಬಿಡಿಯಾಗಿ ಯಾವುದನ್ನೂ ನಂಬಬೇಡಿ. ಐಸ್ ನೇರವಾಗಿ ತಾಗಿದರೂ ಕಣ್ಣು ಮಂಜಾಗುತ್ತದೆ. ಮೈ ತಣ್ಣಗಿದ್ದರೆ, ಅಂಗಡಿಯವರು ಆಗಷ್ಟೇ ಫಿನಾಯಿಲ್ ಒರೆಸಿದ್ದರೆ ನೊಣ ಬರುವುದಿಲ್ಲ. ಇನ್ನು ಗಟ್ಟಿತನ: ಆಗ ತಾನೇ ಸತ್ತ ಬಂಗುಡೆಯ ತಲೆ ಹಿಡಿದು ಎತ್ತಿದರೆ ಕೋಲಿನಂತೆ ನೆಟ್ಟಗೆ ನಿಲ್ಲುತ್ತದೆ. ಅದು ಒಳ್ಳೆಯ ಮೀನಿನ ಲಕ್ಷಣ.

ನೋಡಬೇಕಾದದ್ದು ಲಕ್ಷಣಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು. ಮೀನು ತಾನಾಗಿ ಹಳೆಯದಾದರೆ ಎಲ್ಲವೂ ಒಟ್ಟಿಗೆ ಹಳೆಯದಾಗುತ್ತದೆ. ಕಣ್ಣು ಒಳಗೆ ಕುಸಿಯುತ್ತದೆ, ಕಿವಿರು ಕಂದಾಗುತ್ತದೆ, ಮಾಂಸ ಮೆತ್ತಗಾಗುತ್ತದೆ, ಹೊಟ್ಟೆ ಒಡೆಯುತ್ತದೆ, ವಾಸನೆ ಬರುತ್ತದೆ. ಫಾರ್ಮಲಿನ್ ಮಾಂಸವನ್ನು ಹಿಡಿದು ನಿಲ್ಲಿಸಬಹುದು, ವಾಸನೆ ತಡೆಯಬಹುದು. ಆದರೆ ಕುಸಿದ ಕಣ್ಣನ್ನು ಎತ್ತಲು, ಕಂದಿದ ಕಿವಿರನ್ನು ಕೆಂಪು ಮಾಡಲು ಅದಕ್ಕೆ ಆಗದು. ಮುದಿ ಕಣ್ಣು, ಎಳೆಯ ಮೈ: ಹುಡುಕಬೇಕಾದದ್ದು ಇದನ್ನೇ.

ಬಂಗುಡೆಯನ್ನೇ ಕೈಗೆ ತೆಗೆದುಕೊಳ್ಳೋಣ. ಮೊದಲು ಕಿವಿರಿನ ಮುಚ್ಚಳ ಎತ್ತಿ. ಒಳಗೆ ಕೆಂಪಗೆ, ಒದ್ದೆಯಾಗಿ, ತೆಳುವಾದ ಲೋಳೆ ಇರಬೇಕು. ಎಳೆಗಳು ಬಿಡಿಬಿಡಿಯಾಗಿರಬೇಕು. ಕಂದು ಅಥವಾ ಬೂದು ಬಣ್ಣವಾಗಿ, ಒಣಗಿ ಬಿರುಸಾಗಿದ್ದರೆ ಗುರುತಿಟ್ಟುಕೊಳ್ಳಿ. ಹೊಳೆಯುವ ಕಡುಗೆಂಪು ಬೆರಳಿಗೂ ಹತ್ತಿದರೆ ರಕ್ತವೋ ಬಣ್ಣವೋ ಅಂತ ಟಿಶ್ಯೂ ಕಾಗದಕ್ಕೆ ಒರೆಸಿ ನೋಡಿ. ರಕ್ತ ಸ್ವಲ್ಪ ಹೊತ್ತಿಗೆ ಕಂದಾಗುತ್ತದೆ.

ಆಮೇಲೆ ಬೆನ್ನಿನ ದಪ್ಪ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ತಾಜಾ ಮಾಂಸ ತಗ್ಗಿ, ತಕ್ಷಣ ಮೇಲೇಳುತ್ತದೆ. ಹಳೆಯದರಲ್ಲಿ ಗುಳಿ ಹಾಗೇ ಉಳಿಯುತ್ತದೆ. ಫಾರ್ಮಲಿನ್ ಜಾಸ್ತಿ ಬಿದ್ದದ್ದರಲ್ಲಿ ತಗ್ಗುವುದೇ ಕಷ್ಟ, ಹಳೇ ಚಪ್ಪಲಿಯ ಅಟ್ಟೆ ಒತ್ತಿದ ಹಾಗೆ ಇರುತ್ತದೆ. ಇಲ್ಲೊಂದು ಎಚ್ಚರ. ಅರ್ಧ ಕರಗಿದ ಫ್ರೀಜ್ ಮೀನೂ ಗಟ್ಟಿ ಇರುತ್ತದೆ. ಆದರೆ ಅದರ ಹೊರಭಾಗ ಮೆತ್ತಗೆ, ನಡುವೆ ಮಾತ್ರ ಕಲ್ಲಿನಂತೆ ಗಟ್ಟಿ. ಬೆರಳು ಮರಗಟ್ಟುವಷ್ಟು ತಣ್ಣಗೂ ಇರುತ್ತದೆ.

ಮೂರನೆಯದು ಹೊಟ್ಟೆ. ಬಂಗುಡೆ, ಬೂತಾಯಿಯಂಥ ಮೀನಿನ ಹೊಟ್ಟೆ ಬೇಗ ಕೊಳೆತು ಒಡೆಯುತ್ತದೆ. ಹೊಟ್ಟೆ ಒಡೆದು ಕರುಳು ಹೊರಬಂದಿದ್ದರೂ ಬೆನ್ನು ಮಾತ್ರ ಬಿಗಿಯಾಗಿದೆ ಅಂದರೆ ತಾಳೆ ತಪ್ಪಿತು.

ಕೊನೆಗೆ ವಾಸನೆ. ತಾಜಾ ಮೀನಿಗೆ ಕಡಲಿನ ವಾಸನೆ ಇರುತ್ತದೆ, ಪಾಚಿಯಂತಹ ಹಸಿ ವಾಸನೆ. ಏನೂ ವಾಸನೆಯೇ ಇಲ್ಲದಿರುವುದು ತಾಜಾತನ ಅಲ್ಲ. ಕಿವಿರಿನ ಹತ್ತಿರ ಮೂಗು ತಂದಾಗ ಆಸ್ಪತ್ರೆ ಲ್ಯಾಬಿನ ಹಾಗೆ ಘಾಟು ಬಂದರೆ, ಕಣ್ಣು ಚುರುಗುಟ್ಟಿದರೆ, ಅಲ್ಲಿಗೆ ನಿಲ್ಲಿಸಿ. ಜೋರಾಗಿ ಎಳೆದು ಮೂಸಬೇಡಿ. ಬಲಿಯಾರ್ (ಶಾರ್ಕ್), ತೊರಕೆ ಮೀನಿನಲ್ಲಿ ಅಮೋನಿಯಾ ಘಾಟು ಮೈಯೊಳಗಿನ ಯೂರಿಯಾದಿಂದ ಬರುತ್ತದೆ, ಅದು ಬೇರೆ ಕಥೆ.

ಒಂದು ಮಿತಿ ಹೇಳಲೇಬೇಕು. ಫಾರ್ಮಲಿನ್ ಸ್ವಲ್ಪವೇ ಬಿದ್ದಿದ್ದರೆ ಈ ಯಾವ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಕೈ, ಕಣ್ಣು, ಮೂಗು ಹಿಡಿಯುವುದು ಢಾಳಾದ ಮೋಸವನ್ನು ಮಾತ್ರ.

ಹೆಜ್ಜೆ 3: ಐಸಿಗೆ ಮೀನಿನ ರೇಟು ಕೊಡಬೇಡಿ

ಐಸ್ ಇರುವುದು ಒಳ್ಳೆಯದು ಅಂದೆ. ಆದರೆ ಅದು ತಕ್ಕಡಿಗೆ ಏರಬಾರದು. ಕಿವಿರೊಳಗೆ, ಬಾಯೊಳಗೆ ಐಸ್ ಪುಡಿ ತುಂಬಿರುತ್ತದೆ. ಸಿಗಡಿಯನ್ನು ಐಸ್ ನೀರಿನಲ್ಲಿ ನೆನೆಸಿಟ್ಟು ಬಾಣಲೆಯಲ್ಲಿ ಎತ್ತಿ ನೇರ ತೂಕಕ್ಕೆ ಹಾಕುತ್ತಾರೆ. ಬೊಂಡಾಸ್, ಅಂದರೆ ಸ್ಕ್ವಿಡ್, ನೀರನ್ನು ಇನ್ನೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಿದರೆ ಅರ್ಥವಾಗುತ್ತದೆ. ಕಿಲೋಗೆ 320 ರೂಪಾಯಿಯ ಬಂಗುಡೆ ಒಂದು ಕಿಲೋ ತಂದಿರಿ ಅಂದುಕೊಳ್ಳಿ. ಮನೆಯಲ್ಲಿ ಜಾಲರಿಯಲ್ಲಿ ಐದು ನಿಮಿಷ ಬಸಿಯಲು ಇಟ್ಟು, ಕಿವಿರಿನ ಐಸ್ ಒದರಿ ತೂಗಿದಾಗ 870 ಗ್ರಾಂ ಬಂತು. 320ನ್ನು 0.87ರಿಂದ ಭಾಗಿಸಿದರೆ 368. ಅಂದರೆ ನೀವು ಕೊಟ್ಟದ್ದು ಕಿಲೋಗೆ 368 ರೂಪಾಯಿ. ಈ ತೂಕ ಮೀನು ಶುಚಿ ಮಾಡುವ ಮೊದಲೇ ನೋಡಬೇಕು. ತಲೆ, ಕರುಳು ತೆಗೆದ ಮೇಲೆ ಮೂರನೇ ಒಂದು ಭಾಗದಷ್ಟು ಹೇಗೂ ಕಡಿಮೆಯಾಗುತ್ತದೆ. ಅದಕ್ಕೆ ಅಂಗಡಿಯವರ ಜೊತೆ ಜಗಳ ಆಡಿ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಮಾಡಬೇಕಾದದ್ದು ಇಷ್ಟೇ. ಬಾಲ ಹಿಡಿದು, ತಲೆ ಕೆಳಗೆ ಮಾಡಿ ಎರಡು ಸಲ ಒದರಿಸಿ. ಸಿಗಡಿಯಾದರೆ ತೂತಿನ ಬುಟ್ಟಿಗೆ ಹಾಕಿಸಿ ಒಂದು ನಿಮಿಷ ನಿಲ್ಲಿ. ತೂಕದ ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿಸಿ, ಸೊನ್ನೆ ತೋರಿಸಿದ ಮೇಲೆ ಮೀನು ಇಡಿಸಿ. ಪರಿಚಯದ ಮೀನಿನ ಅಕ್ಕನಿಗೆ ಹೇಳಲು ಮುಜುಗರ ಅನ್ನಿಸಬಹುದು. ನಾನು ‘ಅಕ್ಕಾ, ನನ್ನ ಬ್ಯಾಗ್ ಸೋರುತ್ತೆ, ಸ್ವಲ್ಪ ಬಸಿದು ಕೊಡಿ’ ಅನ್ನುತ್ತೇನೆ. ಕೆಲಸ ಆಗುತ್ತದೆ, ಮುಖವೂ ಕೆಡುವುದಿಲ್ಲ.

ಫ್ರೀಜ್ ಮಾಡಿದ ಪ್ಯಾಕೆಟಿನ ಮೋಸ ಬೇರೆ ರೀತಿಯದು. ಸಿಗಡಿ ಒಣಗದಿರಲಿ ಅಂತ ಅದರ ಮೇಲೆ ಐಸಿನ ತೆಳು ಲೇಪ ಕೊಡುತ್ತಾರೆ. ಅದು ಬೇಕಾದದ್ದೇ. ಲೇಪ ದಪ್ಪವಾದಷ್ಟೂ ನಮಗೆ ನಷ್ಟ. ಪ್ಯಾಕೆಟ್ ಮೇಲೆ ಒಟ್ಟು ತೂಕ 500 ಗ್ರಾಂ, ನಿವ್ವಳ 400 ಗ್ರಾಂ, ಬೆಲೆ 360 ಅಂತಿದ್ದರೆ ಸಿಗಡಿಯ ನಿಜವಾದ ರೇಟು ಕಿಲೋಗೆ 720 ಅಲ್ಲ, 900. ನಿವ್ವಳ ತೂಕ ಅಂದರೆ ಲೇಪ ಬಿಟ್ಟು ಉಳಿದ ತೂಕ. ಅನುಮಾನ ಬಂದರೆ ಒಂದು ಪ್ಯಾಕೆಟನ್ನು ರಾತ್ರಿ ಫ್ರಿಜ್ಜಿನಲ್ಲಿ ಜಾಲರಿ ಮೇಲೆ ಕರಗಿಸಿ, ಬೆಳಿಗ್ಗೆ ತೂಗಿ. ಕರಗುವಾಗ ಸಿಗಡಿಯೂ ಸ್ವಲ್ಪ ನೀರು ಬಿಡುತ್ತದೆ, ಅದಕ್ಕೆ ವಿನಾಯಿತಿ ಕೊಡಿ. 400ರ ಜಾಗದಲ್ಲಿ 300 ಬಂದರೆ ಮಾತ್ರ ಆ ಬ್ರಾಂಡಿಗೆ ನಮಸ್ಕಾರ. ಪ್ಯಾಕೆಟ್ ಒಳಗೆ ಐಸ್ ಚೂರುಗಳು ಸಡಿಲವಾಗಿ ಉರುಳುತ್ತಿದ್ದರೆ, ಸಿಗಡಿಗಳು ಮುದ್ದೆಯಾಗಿ ಅಂಟಿದ್ದರೆ, ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಅಂತ ಅರ್ಥ.

ಐಸ್ ಕಡಿಮೆಯಾದರೆ ಇನ್ನೊಂದು ಅಪಾಯವಿದೆ, ಇದನ್ನು ಯಾರೂ ಹೇಳುವುದಿಲ್ಲ. ಬಂಗುಡೆ, ಬೂತಾಯಿ, ಟ್ಯೂನಾ ಬಿಸಿಲಿನಲ್ಲಿ ಗಂಟೆಗಟ್ಟಲೆ ಇದ್ದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುವುದು, ಬಾಯಿ ಚುರುಗುಟ್ಟುವುದು, ತಲೆನೋವು, ಮೈ ತುರಿಕೆ. ಇದನ್ನು ಬಹಳ ಜನ ಫಾರ್ಮಲಿನ್ ಅಂದುಕೊಳ್ಳುತ್ತಾರೆ.

ಹೆಜ್ಜೆ 4: ಕಿಟ್ ಬಳಸುವುದು

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮನೆಯಲ್ಲೇ ಬಳಸಬಹುದಾದ ಪರೀಕ್ಷಾ ಕಿಟ್ ರೂಪಿಸಿದೆ. ಸಿಫ್‌ಟೆಸ್ಟ್ ಅಂತ ಹೆಸರು. ಫಾರ್ಮಾಲ್ಡಿಹೈಡಿಗೆ ಒಂದು, ಅಮೋನಿಯಾಕ್ಕೆ ಇನ್ನೊಂದು. ಒಳಗೆ ಕಾಗದದ ಪಟ್ಟಿಗಳು, ಒಂದು ದ್ರಾವಣ, ಬಣ್ಣ ಹೋಲಿಸುವ ಚೀಟಿ ಇರುತ್ತವೆ. ಪಟ್ಟಿಯನ್ನು ಮೀನಿನ ಮೈಮೇಲೆ ಮೂರು ನಾಲ್ಕು ಸಲ ಉಜ್ಜಬೇಕು. ಅದರ ಮೇಲೆ ಒಂದು ಹನಿ ದ್ರಾವಣ ಬಿಡಬೇಕು. ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಕಾದು ಬಣ್ಣ ಹೋಲಿಸಬೇಕು. ಹೆಚ್ಚು ಹೊತ್ತು ಬಿಟ್ಟು ನೋಡಿದರೆ ಫಲಿತಾಂಶ ನಂಬುವಂತಿಲ್ಲ.

ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಮೀನು ತೊಳೆದ ಮೇಲೆ ಪರೀಕ್ಷೆ ಮಾಡುತ್ತಾರೆ. ಫಾರ್ಮಾಲ್ಡಿಹೈಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಹೊರಗಿನದು ತೊಳೆದು ಹೋಗಿರುತ್ತದೆ. ತೊಳೆಯುವ ಮೊದಲು ಹೊರಮೈ ಒಂದು ಸಲ, ಕತ್ತರಿಸಿದ ಮೇಲೆ ಒಳಮಾಂಸ ಒಂದು ಸಲ, ಹೀಗೆ ಎರಡು ಪಟ್ಟಿ ಖರ್ಚು ಮಾಡಿ. ಕಿಟ್‌ನ ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ.

ಬಣ್ಣ ಬಂದ ತಕ್ಷಣ ಅಂಗಡಿಯವರ ಮೇಲೆ ಹಾರಬೇಡಿ. ಕೆಲವು ಮೀನುಗಳಲ್ಲಿ ಫಾರ್ಮಾಲ್ಡಿಹೈಡ್ ತಾನಾಗಿಯೇ ಹುಟ್ಟುತ್ತದೆ. ಬಾಂಬೆ ಡಕ್ ಎನ್ನುವ ಬೊಂಬಿಲ್ ಮತ್ತು ಅರಣೆ ಮೀನು ಇದಕ್ಕೆ ಹೆಸರುವಾಸಿ, ಅದರಲ್ಲೂ ಫ್ರೀಜ್ ಮಾಡಿಟ್ಟಾಗ. ಹಾಗಾಗಿಯೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಸಹಜವಾಗಿ ಇರಬಹುದಾದ ಪ್ರಮಾಣಕ್ಕೆ ಎರಡು ಮಿತಿ ಹಾಕಿತು: ಹೆಚ್ಚಿನ ಮೀನುಗಳಿಗೆ ಕಿಲೋಗೆ 4 ಮಿಲಿಗ್ರಾಂ, ಹೀಗೆ ತಾನಾಗಿ ಹುಟ್ಟುವ ಗುಂಪಿಗೆ 100 ಮಿಲಿಗ್ರಾಂ. ಬೊಂಬಿಲ್‌ನಲ್ಲಿ ಬಣ್ಣ ಬಂದರೆ ಅದು ಮೋಸವೇ ಅಂತ ಹೇಳಲಾಗದು. ಬಂಗುಡೆಯಲ್ಲೋ ರೋಹುವಿನಲ್ಲೋ ಗಾಢ ಬಣ್ಣ ಬಂದರೆ ಮಾತ್ರ ಸುಮ್ನೆ ಬಿಡುವ ವಿಷಯವಲ್ಲ.

ಹೆಜ್ಜೆ 5: ಮನೆಗೆ ತಂದ ಮೇಲೆ

ಕಿವಿರು, ಕರುಳು ಮೊದಲು ತೆಗೆದು ಹಾಕಿ. ರಾಸಾಯನಿಕ ನಿಲ್ಲುವುದಕ್ಕೆ ಅಲ್ಲಿ ಜಾಗ ಜಾಸ್ತಿ, ಮೀನು ಕೆಡುವುದೂ ಅಲ್ಲಿಂದಲೇ. ಆಮೇಲೆ ನಲ್ಲಿಯ ಹರಿಯುವ ನೀರಿನಲ್ಲಿ ಹೊಟ್ಟೆಯ ಒಳಗೂ ಹೊರಗೂ ಚೆನ್ನಾಗಿ ತೊಳೆಯಿರಿ. ಪಾತ್ರೆಯಲ್ಲಿ ನೆನೆಸಿಟ್ಟರೆ ಬಿಟ್ಟದ್ದರಲ್ಲೇ ಮತ್ತೆ ಮುಳುಗಿಸಿದಂತೆ. ಸಾರು ಕುದಿಯುವಾಗ ಮುಚ್ಚಳ ತೆರೆದಿಡಿ, ಕಿಟಕಿಯೂ ತೆರೆದಿರಲಿ. ಉಳಿದದ್ದರಲ್ಲಿ ಒಂದಷ್ಟು ಆವಿಯಲ್ಲಿ ಹೋಗುತ್ತದೆ.

ಉಪ್ಪು, ಹುಣಸೆ, ವಿನೆಗರ್ ನೀರಿನಲ್ಲಿಟ್ಟರೆ ಎಲ್ಲ ಹೋಗುತ್ತದೆ ಎನ್ನುವ ಮಾತನ್ನು ನಂಬಿ ಕೂರಬೇಡಿ. ಹೊರಗೆ ಅಂಟಿದ್ದು, ಸಡಿಲವಾಗಿದ್ದು ಹೋಗಬಹುದು. ಪ್ರೋಟೀನಿಗೆ ಹೆಣೆದುಕೊಂಡದ್ದು ತೊಳೆದರೂ ಬೇಯಿಸಿದರೂ ಪೂರ್ತಿ ಬಿಡುವುದಿಲ್ಲ. ಈ ತೊಳೆಯುವ ಕ್ರಮವೆಲ್ಲ ಒಳ್ಳೆಯದು ಅಂತ ನಂಬಿ ತಂದ ಮೀನಿಗೆ. ತಾಳೆ ತಪ್ಪಿದ ಮೀನನ್ನು ತೊಳೆದು ಸರಿ ಮಾಡಲು ಹೋಗಬೇಡಿ. ಬೆಕ್ಕಿಗೂ ಹಾಕಬೇಡಿ. ನಾನು ಆ ಅಂಜಲನ್ನು ಅರ್ಧ ತಿಂದು ಉಳಿದದ್ದನ್ನು ಎಸೆದೆ. ಪಾತ್ರೆ ತೊಳೆದ ಮೇಲೆ ತಲೆಗೆ ಹೊಳೆಯಿತು, ಒಂದು ತುಂಡನ್ನಾದರೂ ಇಟ್ಟುಕೊಳ್ಳಬೇಕಿತ್ತು.

ಹೆಜ್ಜೆ 6: ದೂರು ಕೊಡುವುದಾದರೆ

ಮೀನನ್ನು ತೊಳೆಯದೆ, ಶುದ್ಧ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ. ರಸೀದಿ, ತಂದ ದಿನ, ಸಮಯ, ಕಿಟ್ ಪಟ್ಟಿಯ ಫೋಟೋ ಜೊತೆಗಿರಲಿ. ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ಸಹಾಯವಾಣಿ 1800-11-2100. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ನೇರವಾಗಿ ತಿಳಿಸಬಹುದು. ಆದರೆ ನೀವು ಮನೆಯಿಂದ ಒಯ್ದ ತುಂಡಿನ ಆಧಾರದಲ್ಲೇ ಅಂಗಡಿ ಮೇಲೆ ಕೇಸು ನಿಲ್ಲುವುದು ಕಷ್ಟ. ಅಧಿಕಾರಿ ಬಂದು ಅಂಗಡಿಯಿಂದಲೇ ಮಾದರಿ ತೆಗೆಯಬೇಕಾಗುತ್ತದೆ. ಅದಕ್ಕೇ ದೂರು ತಡವಾಗಬಾರದು. ಅದೇ ಲೋಡ್ ಅಂಗಡಿಯಲ್ಲಿ ಇರುವಾಗಲೇ ಕೊಡಬೇಕು.

ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯ 40ನೇ ಸೆಕ್ಷನ್ ಪ್ರಕಾರ, ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಷರತ್ತು ಒಂದಿದೆ. ಪರೀಕ್ಷೆಗೆ ಕಳಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ಒಮ್ಮೆ ಈ ಮಾತು ಆಡಿ ನೋಡಿ. ತೂಕಕ್ಕೆ ಹಾಕಿದ್ದ ಮೀನನ್ನು ಬದಿಗೆ ಸರಿಸಿ, ಕೆಳಗಿನ ಪೆಟ್ಟಿಗೆಯಿಂದ ಬೇರೆ ತೆಗೆದರೆ, ಆ ಅಂಗಡಿಯ ಬಗ್ಗೆ ನಿಮಗೆ ಲ್ಯಾಬ್ ವರದಿ ಬೇಕಾಗುವುದಿಲ್ಲ.